ನಿಮಗಿದು ಗೊತ್ತೇ? ಸಂಬಳದಲ್ಲಿ ಮುರಿದುಕೊಂಡ ದುಡ್ಡಿನ ಲೆಕ್ಕ

ಮ್ಯಾನೇಜರ್ ಒಬ್ಬರ ಬ್ಯಾಂಕ್ ಖಾತೆಗೆ ಜೂನ್ ಸಂಬಳವಾಗಿ ಬಂದದ್ದು ₹1,00,255. ಅದೇ ತಿಂಗಳು ಅವರಿಗಾಗಿ ಸಂಸ್ಥೆಯ ಪುಸ್ತಕದಲ್ಲಿ ಬರೆಯಬೇಕಾದದ್ದು ₹1,27,575. ನಡುವಿನ ₹27,320 ಯಾರ ಜೇಬಿಗೂ ಹೋಗಿಲ್ಲ, ಕಳೆದೂ ಹೋಗಿಲ್ಲ. ಅದು ನಾಲ್ಕು ಬೇರೆ ಬೇರೆ ದಾರಿ ಹಿಡಿದಿದೆ, ಮೂರಕ್ಕೆ ಬೇರೆ ಬೇರೆ ಗಡುವು ಇದೆ. ಈ ಸಲದ ಅಂಕಣ ಪೂರ್ತಿ ಆ ಮೊತ್ತದ ಬೆನ್ನು ಹತ್ತಿದೆ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ಪೀಣ್ಯದಲ್ಲಿ 25 ಜನ ದುಡಿಯುವ ಒಂದು ಪಾಲುದಾರಿಕೆ ಸಂಸ್ಥೆ. ತಿಂಗಳು, ಜೂನ್ 2025. ಮ್ಯಾನೇಜರ್ ಅವರ ಒಟ್ಟು ಸಂಬಳ ₹1,20,000. ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ₹60,000, ಉಳಿದದ್ದು ಮನೆ ಬಾಡಿಗೆ ಮತ್ತಿತರ ಭತ್ಯೆ. ಅವರು 2010ರಿಂದ ಪಿಎಫ್ ಸದಸ್ಯರು, ಸಂಸ್ಥೆ ಪೂರ್ಣ ₹60,000ದ ಮೇಲೇ ಪಿಎಫ್ ಕಟ್ಟುತ್ತದೆ. ಆದಾಯ ತೆರಿಗೆಗೆ ಹೊಸ ಪದ್ಧತಿಯಲ್ಲಿದ್ದಾರೆ. ಹಿಂದೆ ಪಡೆದ ಅಡ್ವಾನ್ಸ್‌ನಲ್ಲಿ ತಿಂಗಳಿಗೆ ₹5,000 ಮುರಿಸಿಕೊಳ್ಳುತ್ತಾರೆ. ಸೆಕ್ಷನ್ ಮತ್ತು ನಮೂನೆಗಳ ಸಂಖ್ಯೆ, ಆದಾಯ ತೆರಿಗೆಯ ನಿಯಮ, ತೆರಿಗೆ ದರ ಎಲ್ಲವೂ 2025-26ನೇ ಸಾಲಿನವು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಆ ಮೇಲಿನ ತಿಂಗಳುಗಳಿಗೆ ಸೆಕ್ಷನ್ ಸಂಖ್ಯೆಗಳು ಬೇರೆ, ನಿಯಮಗಳೂ ಬೇರೆ ಇರಬಹುದು.

ನಿಮಗಿದು ಗೊತ್ತೇ? ಸಂಬಳದ ಖರ್ಚು ಎಂದರೆ ಬ್ಯಾಂಕಿನಿಂದ ಹೋದ ಮೊತ್ತವಲ್ಲ.

ಸಣ್ಣ ಅಂಗಡಿ, ಕಾರ್ಖಾನೆಗಳ ಪುಸ್ತಕದಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ. ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ₹1,00,255ನ್ನು ಸಂಬಳ ಎಂದು ಬರೆದುಬಿಡುತ್ತಾರೆ. ಪಿಎಫ್ ಚಲನ್ ಕಟ್ಟಿದ ದಿನ ಪೂರ್ತಿ ಮೊತ್ತವನ್ನು ಪಿಎಫ್ ಖರ್ಚು ಎನ್ನುತ್ತಾರೆ. ಟಿಡಿಎಸ್ ಕಟ್ಟಿದ್ದನ್ನು ಆದಾಯ ತೆರಿಗೆ ಎಂಬ ಲೆಡ್ಜರ್‌ಗೆ ತಳ್ಳುತ್ತಾರೆ. ಹೀಗೆ ಮಾಡಿದರೆ ಮ್ಯಾನೇಜರ್ ತನ್ನ ಸಂಬಳದಿಂದ ಕಟ್ಟಿದ ತೆರಿಗೆ, ಸಂಸ್ಥೆಯೇ ತನ್ನ ಲಾಭದ ಮೇಲೆ ಕಟ್ಟಿದ ತೆರಿಗೆಯ ಹಾಗೆ ಕಾಣುತ್ತದೆ. ಮುರಿದುಕೊಂಡ ಅಡ್ವಾನ್ಸ್ ಎಲ್ಲೂ ಜಮೆಯಾಗದೆ, ಸಾಲ ತೀರಿದ ಮೇಲೂ ಪುಸ್ತಕದಲ್ಲಿ ಹಾಗೇ ಉಳಿಯುತ್ತದೆ.

ಸರಿಯಾದ ಎಂಟ್ರಿ ಒಟ್ಟು ಸಂಬಳದಿಂದ ಶುರುವಾಗುತ್ತದೆ. ಜೂನ್ 30ರ ಜರ್ನಲ್ ವೋಚರ್ ಹೀಗಿರುತ್ತದೆ:

ಸಂಬಳ ಖರ್ಚು, ಡೆಬಿಟ್ ₹1,20,000
ನೌಕರರ ಪಿಎಫ್ ಬಾಕಿ, ಕ್ರೆಡಿಟ್ ₹7,200
ವೃತ್ತಿ ತೆರಿಗೆ ಬಾಕಿ, ಕ್ರೆಡಿಟ್ ₹200
ಸಂಬಳದ ಟಿಡಿಎಸ್ ಬಾಕಿ, ಕ್ರೆಡಿಟ್ ₹7,345
ನೌಕರರ ಅಡ್ವಾನ್ಸ್, ಕ್ರೆಡಿಟ್ ₹5,000
ಕೊಡಬೇಕಾದ ಸಂಬಳ, ಕ್ರೆಡಿಟ್ ₹1,00,255

ಇಲ್ಲಿ ಖರ್ಚು ಒಂದೇ ಸಾಲು. ಪಿಎಫ್, ವೃತ್ತಿ ತೆರಿಗೆ, ಟಿಡಿಎಸ್ ಮೂರೂ ಕಟ್ಟಬೇಕಾದ ಬಾಕಿಗಳು. ಆ ದುಡ್ಡು ಮ್ಯಾನೇಜರ್‌ದು, ಗಡುವಿನ ತನಕ ಸಂಸ್ಥೆಯ ಕೈಲಿದೆ, ಅಷ್ಟೇ. ಅಡ್ವಾನ್ಸ್ ಮಾತ್ರ ಬೇರೆ ಜಾತಿ: ಅದು ಹೊರಗೆ ಎಲ್ಲಿಗೂ ಹೋಗುವುದಿಲ್ಲ, ಸಂಸ್ಥೆಗೆ ಬರಬೇಕಿದ್ದ ಹಣ ವಾಪಸ್ ಬಂದದ್ದು. ಹಾಗಾಗಿ ಅದಕ್ಕೆ ಚಲನ್ ಇಲ್ಲ, ಗಡುವೂ ಇಲ್ಲ.

ಇನ್ನೊಂದು ವೋಚರ್ ಸಂಸ್ಥೆಯ ಸ್ವಂತ ಪಾಲಿನದು. ಪಿಎಫ್‌ಗೆ ಮಾಲೀಕರ ಪಾಲು ₹7,200, ನೌಕರರ ಠೇವಣಿ ಆಧಾರಿತ ವಿಮೆಗೆ ₹75, ಆಡಳಿತ ಶುಲ್ಕ ₹300. ಒಟ್ಟು ₹7,575 ಖರ್ಚಿಗೆ ಡೆಬಿಟ್, ಮಾಲೀಕರ ಪಿಎಫ್ ಬಾಕಿಗೆ ಕ್ರೆಡಿಟ್. ಇದನ್ನು ₹1,20,000ಕ್ಕೆ ಸೇರಿಸಿದರೆ ಮೊದಲು ಹೇಳಿದ ₹1,27,575 ಬರುತ್ತದೆ.

ನಿಮಗಿದು ಗೊತ್ತೇ? 3.67% ಎಂಬ ಪ್ರಸಿದ್ಧ ದರವನ್ನು ಯಾರೂ ಗುಣಿಸುವುದಿಲ್ಲ.

ಮಾಲೀಕರ 12ರಲ್ಲಿ 8.33 ಪಿಂಚಣಿಗೆ, 3.67 ಪಿಎಫ್‌ಗೆ ಎಂದು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ನಿಜಕ್ಕೂ ಲೆಕ್ಕ ನಡೆಯುವುದು ಕಳೆಯುವುದರಲ್ಲಿ. ಪಿಂಚಣಿಗೆ ವೇತನದ ಮಿತಿ ₹15,000, ಇದು 2014ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಅದರ 8.33% ಎಂದರೆ ₹1,249.50, ಹತ್ತಿರದ ರೂಪಾಯಿಗೆ ಸರಿಪಡಿಸಿದರೆ ₹1,250. ₹7,200ರಲ್ಲಿ ಆ ₹1,250 ಹೋಗಿ ಉಳಿದ ₹5,950 ಪಿಎಫ್‌ಗೆ ಸೇರುತ್ತದೆ. ಈ ಮ್ಯಾನೇಜರ್ ಮಟ್ಟಿಗೆ ಅದು 60,000ದ ಸುಮಾರು 9.92% ಆಯಿತು, 3.67 ಅಲ್ಲ. ಎಕ್ಸೆಲ್‌ನಲ್ಲಿ 3.67% ಸೂತ್ರ ಹಾಕಿಟ್ಟವರಿಗೆ ₹15,000 ದಾಟಿದ ಪ್ರತಿಯೊಬ್ಬರ ಲೆಕ್ಕವೂ ತಪ್ಪುತ್ತದೆ.

ಎರಡು ಸಂದರ್ಭಗಳಲ್ಲಿ ಪಿಂಚಣಿಗೆ ಒಂದು ರೂಪಾಯಿಯೂ ಹೋಗುವುದಿಲ್ಲ, 12% ಪೂರ್ತಿ ಪಿಎಫ್‌ಗೇ ಸೇರುತ್ತದೆ. ಒಂದು, 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಸದಸ್ಯರಾದಾಗಲೇ ಪಿಎಫ್ ವೇತನ ₹15,000 ಮೀರಿದ್ದವರಿಗೆ. ಎರಡು, 58 ವರ್ಷ ತುಂಬಿದವರಿಗೆ. ನಮ್ಮ ಮ್ಯಾನೇಜರ್ 2010ರವರಾದ್ದರಿಂದ ₹1,250 ಹೋಗುತ್ತದೆ. ಅವರ ಪಕ್ಕದ ಮೇಜಿಗೆ ಮೊನ್ನೆ ಅದೇ ಸಂಬಳಕ್ಕೆ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ, ಅದೇ ಮೊದಲ ನೌಕರಿಯಾಗಿದ್ದರೆ, ಹೋಗುವುದಿಲ್ಲ. ಸೇರಿದ ದಿನವೇ ಹಳೆಯ ಸದಸ್ಯತ್ವದ ವಿವರ ಕೇಳಿ ಬರೆದುಕೊಳ್ಳದಿದ್ದರೆ ಈ ತಪ್ಪು ವರ್ಷಗಟ್ಟಲೆ ಮುಂದುವರಿದು, ಕೊನೆಗೆ ಹಣ ತೆಗೆಯುವಾಗ ಹೊರಬೀಳುತ್ತದೆ.

ನಿಮಗಿದು ಗೊತ್ತೇ? ಈ ಇಡೀ ಪಿಎಫ್ ಲೆಕ್ಕ ಕೊನೆಗೆ ಒಂದೇ ಸಾಲಿನ ಪಠ್ಯವಾಗುತ್ತದೆ.

ಪಿಎಫ್ ತಾಣಕ್ಕೆ ಪ್ರತಿ ತಿಂಗಳು ಏರಿಸುವ ಇಸಿಆರ್ ಕಡತದಲ್ಲಿ ಒಬ್ಬ ನೌಕರನಿಗೆ ಒಂದು ಸಾಲು. ಅಂಕಿಗಳ ನಡುವೆ `#~#` ಎಂಬ ವಿಚಿತ್ರ ಗುರುತು.

```
100XXXXXXXXX#~#NAME#~#120000#~#60000#~#15000#~#15000#~#7200#~#1250#~#5950#~#0#~#0
```

ಎಡದಿಂದ ಓದಿ: ಯುಎಎನ್, ಹೆಸರು, ಒಟ್ಟು ಸಂಬಳ, ಪಿಎಫ್ ವೇತನ, ಪಿಂಚಣಿ ವೇತನ, ವಿಮೆಯ ವೇತನ. ಆಮೇಲೆ ನೌಕರರ ಪಾಲು, ಪಿಂಚಣಿ, ಮಾಲೀಕರ ಪಾಲಿನಲ್ಲಿ ಉಳಿದದ್ದು. ಕೊನೆಯ ಎರಡು ಸೊನ್ನೆ, ಸಂಬಳವಿಲ್ಲದ ದಿನಗಳು ಮತ್ತು ಮರಳಿಸಿದ ಮುಂಗಡ. ಕಡತ ಒಪ್ಪಿತವಾದ ಮೇಲೆ ತಯಾರಾಗುವ ಚಲನ್‌ನಲ್ಲಿ ಈ ಒಬ್ಬರ ಪಾಲು ₹14,775: ಖಾತೆ 1ಕ್ಕೆ ₹13,150, ಖಾತೆ 10ಕ್ಕೆ ₹1,250, ಖಾತೆ 21ಕ್ಕೆ ₹75, ಖಾತೆ 2ಕ್ಕೆ ₹300. ಪುಸ್ತಕದಲ್ಲಿ ನೌಕರರ ಪಿಎಫ್ ಬಾಕಿ ₹7,200 ಮತ್ತು ಮಾಲೀಕರ ಪಿಎಫ್ ಬಾಕಿ ₹7,575 ಕೂಡಿದರೂ ₹14,775 ಬರಬೇಕು. ಬಂದರೆ ವೋಚರ್ ಸರಿ, ಇಲ್ಲದಿದ್ದರೆ ಹಣ ಕಟ್ಟುವ ಮೊದಲೇ ಹುಡುಕಿ.

ನಿಮಗಿದು ಗೊತ್ತೇ? ಆ ಎರಡು ಪಿಎಫ್ ಬಾಕಿಗಳನ್ನು ಒಂದೇ ಲೆಡ್ಜರ್‌ನಲ್ಲಿ ಬೆರೆಸಬಾರದು ಎನ್ನುವುದಕ್ಕೆ ಕಾರಣ ಪಿಎಫ್ ಕಾಯ್ದೆಯಲ್ಲಿಲ್ಲ, ಆದಾಯ ತೆರಿಗೆ ಕಾಯ್ದೆಯಲ್ಲಿದೆ.

ಚಲನ್ ಒಂದೇ, ಕಟ್ಟುವ ದಿನವೂ ಒಂದೇ, ಮತ್ತೇಕೆ ಎರಡು ಲೆಡ್ಜರ್ ಎಂದು ಕೇಳುವವರಿದ್ದಾರೆ. 2025-26ನೇ ಸಾಲಿಗೆ ಅನ್ವಯಿಸುವ 1961ರ ಕಾಯ್ದೆ ಎರಡನ್ನೂ ಬೇರೆ ಬೇರೆ ಕಣ್ಣಿನಿಂದ ನೋಡುತ್ತದೆ. ಮಾಲೀಕರ ಪಾಲು ಪಿಎಫ್ ಗಡುವಿಗೆ ತಡವಾದರೂ, ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಕಟ್ಟಿದರೆ ಖರ್ಚೆಂದು ಒಪ್ಪುತ್ತದೆ. ಇದು ಸೆಕ್ಷನ್ 43ಬಿ. ನೌಕರರಿಂದ ಮುರಿದುಕೊಂಡ ಪಾಲಿನ ಕಥೆ ಹಾಗಲ್ಲ. ಸೆಕ್ಷನ್ 2(24)(x) ಪ್ರಕಾರ ಅದು ಮೊದಲು ಮಾಲೀಕರ ಆದಾಯವೇ ಆಗುತ್ತದೆ. ಪಿಎಫ್ ಕಾನೂನಿನ ಗಡುವಿನೊಳಗೆ ಕಟ್ಟಿದರೆ ಮಾತ್ರ ಸೆಕ್ಷನ್ 36(1)(va) ಅಡಿ ಅದನ್ನು ಕಳೆಯಬಹುದು. ಒಂದು ದಿನ ತಡವಾದರೂ ಆ ಕಳೆಯುವ ಹಕ್ಕು ಶಾಶ್ವತವಾಗಿ ಹೋಯಿತು. ಇದರ ಬಗ್ಗೆ ಹೈಕೋರ್ಟುಗಳಲ್ಲಿ ಭಿನ್ನ ತೀರ್ಪುಗಳಿದ್ದವು. 2022ರ ಅಕ್ಟೋಬರ್ 12ರಂದು ಚೆಕ್‌ಮೇಟ್ ಸರ್ವಿಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಲಾಖೆಯ ಪರವಾಗಿ ತೀರ್ಮಾನ ಕೊಟ್ಟಿತು.

ರೂಪಾಯಿಯಲ್ಲಿ ನೋಡಿದರೆ ಇದರ ಪೆಟ್ಟು ಅರ್ಥವಾಗುತ್ತದೆ. ನಮ್ಮ ಸಂಸ್ಥೆಯ 25 ಜನರಿಂದ ಜೂನ್‌ನಲ್ಲಿ ಮುರಿದುಕೊಂಡ ಪಿಎಫ್ ಒಟ್ಟು ₹60,000 ಎಂದುಕೊಳ್ಳಿ. ಜುಲೈ 15ರ ಬದಲು 16ಕ್ಕೆ ಕಟ್ಟಿದರು. ಆ ಮೊತ್ತದ ಮೇಲೆ ಪಿಎಫ್ ಕಚೇರಿಯ ವರ್ಷಕ್ಕೆ 12%ರ ಬಡ್ಡಿ ಒಂದು ದಿನಕ್ಕೆ ಸುಮಾರು ₹20. ಆದರೆ ₹60,000 ಲಾಭಕ್ಕೆ ಸೇರಿ, ಪಾಲುದಾರಿಕೆ ಸಂಸ್ಥೆಯ 30% ತೆರಿಗೆ, ಅದರ ಮೇಲೆ 4% ಸೆಸ್ ಬಿದ್ದು ₹18,720 ತೆರಬೇಕಾಗುತ್ತದೆ. ತೆರಿಗೆ ಲೆಕ್ಕ ಪರಿಶೋಧನೆಯ 3CD ನಮೂನೆಯ 20(b) ಕಲಂನಲ್ಲಿ ಪ್ರತಿ ತಿಂಗಳ ಮೊತ್ತ, ಗಡುವು, ಕಟ್ಟಿದ ದಿನ ಎಲ್ಲವನ್ನೂ ಬರೆಯಬೇಕು, ಮುಚ್ಚಿಡಲು ಜಾಗವಿಲ್ಲ. ಎರಡು ಲೆಡ್ಜರ್ ಇದ್ದರೆ ಈ ಕಲಂ ಐದು ನಿಮಿಷದ ಕೆಲಸ. ಒಂದೇ ಇದ್ದರೆ ಹನ್ನೆರಡು ಚಲನ್ ಹರಡಿಕೊಂಡು ಕೂರಬೇಕು.

ನಿಮಗಿದು ಗೊತ್ತೇ? ನೌಕರರ ಪಾಲನ್ನು ಮುರಿದುಕೊಳ್ಳಲು ಮರೆತರೆ, ಮುಂದಿನ ತಿಂಗಳು ಸೇರಿಸಿ ಮುರಿಯುವಂತಿಲ್ಲ.

1952ರ ಪಿಎಫ್ ಯೋಜನೆಯ 32ನೇ ಪರಿಚ್ಛೇದದ ಪ್ರಕಾರ ಯಾವ ಅವಧಿಯ ಪಾಲೋ ಆ ಅವಧಿಯ ಸಂಬಳದಿಂದಲೇ ಮುರಿಯಬೇಕು. ಗುಮಾಸ್ತರ ಕೈತಪ್ಪಿನಿಂದ ಹಾಗಾಗಿದ್ದರೆ ಇನ್‌ಸ್ಪೆಕ್ಟರ್‌ರ ಲಿಖಿತ ಒಪ್ಪಿಗೆ ಪಡೆದು ಆಮೇಲಿನ ಸಂಬಳದಿಂದ ವಸೂಲಿ ಮಾಡಬಹುದು. ಇಲ್ಲದಿದ್ದರೆ ಆ ಪಾಲೂ ಮಾಲೀಕರ ತಲೆಗೇ. ಅದನ್ನು ಪುಸ್ತಕದಲ್ಲಿ ನೌಕರರಿಂದ ಬರಬೇಕಾದ ಹಣ ಎಂದು ತೋರಿಸುವುದು ಸುಳ್ಳು ಆಸ್ತಿ, ಸಂಸ್ಥೆಯ ಖರ್ಚಿಗೆ ಬರೆಯುವುದೇ ಸರಿ.

ನಿಮಗಿದು ಗೊತ್ತೇ? ಜೂನ್ ಸಂಬಳದ ಟಿಡಿಎಸ್ ಜುಲೈ 7ಕ್ಕೂ ಕಟ್ಟಬೇಕಾಗಬಹುದು, ಆಗಸ್ಟ್ 7ಕ್ಕೂ ಕಟ್ಟಬಹುದು.

ಲೆಕ್ಕಬರಹಗಾರರು ಎಡವುವ ಜಾಗಗಳಲ್ಲಿ ನನ್ನ ಪ್ರಕಾರ ಇದೇ ಮೊದಲನೆಯದು. ಪಿಎಫ್ ಗಡಿಯಾರ ಓಡುವುದು ದುಡಿದ ತಿಂಗಳ ಮೇಲೆ: ಜೂನ್ ಮುಗಿದು ಹದಿನೈದು ದಿನ, ಅಂದರೆ ಜುಲೈ 15. ಸಂಬಳ ಕೊಟ್ಟಿರಾ ಬಿಟ್ಟಿರಾ ಎಂದು ಅದು ಕೇಳುವುದಿಲ್ಲ. ಟಿಡಿಎಸ್ ಗಡಿಯಾರ ಓಡುವುದು ದುಡ್ಡು ಕೊಟ್ಟ ದಿನದ ಮೇಲೆ. ಸೆಕ್ಷನ್ 192ರಲ್ಲಿರುವುದು ಪಾವತಿಯ ಸಮಯದಲ್ಲಿ ತೆರಿಗೆ ಮುರಿಯಿರಿ ಎಂದೇ. ಜೂನ್ 30ರಂದೇ ಸಂಬಳ ಕೊಟ್ಟರೆ ಜುಲೈ 7 ಗಡುವು. ಜುಲೈ 5ಕ್ಕೆ ಕೊಟ್ಟರೆ ಮುರಿದದ್ದು ಜುಲೈನಲ್ಲಿ, ಹಾಗಾಗಿ ಆಗಸ್ಟ್ 7 ಗಡುವು.

ತಿಂಗಳು ಕಳೆದು ಸಂಬಳ ಕೊಡುವ ಸಂಸ್ಥೆ ಏನು ಬರೆಯಬೇಕು? ಖರ್ಚು ಜೂನ್‌ದೇ, ಆದ್ದರಿಂದ ಜೂನ್ 30ಕ್ಕೆ ಸಂಬಳ ₹1,20,000 ಡೆಬಿಟ್ ಆಗಲೇಬೇಕು. ಪಿಎಫ್, ವೃತ್ತಿ ತೆರಿಗೆ, ಅಡ್ವಾನ್ಸ್ ಹೋಗಿ ₹1,07,600 ಕೊಡಬೇಕಾದ ಸಂಬಳ ಎಂದು ನಿಲ್ಲಲಿ. ಜುಲೈ 5ರಂದು ಆ ₹1,07,600 ಡೆಬಿಟ್ ಮಾಡಿ, ₹7,345 ಟಿಡಿಎಸ್ ಬಾಕಿಗೆ, ₹1,00,255 ಬ್ಯಾಂಕಿಗೆ ಕ್ರೆಡಿಟ್ ಮಾಡಿ. ಅಭ್ಯಾಸಬಲದಿಂದ ಜೂನ್ 30ರ ವೋಚರ್‌ನಲ್ಲೇ ಟಿಡಿಎಸ್ ಹಾಕಿ, ಅದೇ ತಾರೀಖನ್ನು 24Q ರಿಟರ್ನ್‌ನಲ್ಲೂ ತುಂಬಿದರೆ, ಇಲ್ಲದ ತಡವನ್ನು ನೀವೇ ಸೃಷ್ಟಿಸಿದಂತೆ. ತ್ರೈಮಾಸಿಕವೂ ಬದಲಾಗುತ್ತದೆ: ಜುಲೈ 5ರ ಪಾವತಿ ಸೇರಬೇಕಾದದ್ದು ಜುಲೈ–ಸೆಪ್ಟೆಂಬರ್ ರಿಟರ್ನ್‌ಗೆ.

ತಡದ ಬಡ್ಡಿ ತಿಂಗಳಿಗೆ 1.5%. ತಿಂಗಳ ತುಂಡೂ ಪೂರ್ತಿ ತಿಂಗಳೇ. ಜೂನ್ 30ಕ್ಕೆ ಮುರಿದು ಜುಲೈ 8ಕ್ಕೆ ಕಟ್ಟಿದರೆ ಇಲಾಖೆಯ ಲೆಕ್ಕದಲ್ಲಿ ಜೂನ್ ಒಂದು, ಜುಲೈ ಒಂದು, ಒಟ್ಟು ಎರಡು ತಿಂಗಳು. ಒಂದು ದಿನದ ತಡಕ್ಕೆ ₹7,345ರ ಮೇಲೆ ಸುಮಾರು ₹220. ಮಾರ್ಚ್‌ನಲ್ಲಿ ಮುರಿದದ್ದಕ್ಕೆ ಮಾತ್ರ ಏಪ್ರಿಲ್ 30ರವರೆಗೆ ಸಮಯವಿದೆ.

ಅಂದ ಹಾಗೆ ಆ ₹7,345 ಬಂದದ್ದು ಎಲ್ಲಿಂದ? ಟಿಡಿಎಸ್‌ಗೆ ತಿಂಗಳ ದರ ಎಂಬುದಿಲ್ಲ, ವರ್ಷದ ಅಂದಾಜು ತೆರಿಗೆಯ ಹನ್ನೆರಡರಲ್ಲಿ ಒಂದು ಭಾಗ ಅದು. ವರ್ಷದ ಸಂಬಳ ₹14,40,000. ಸ್ಟ್ಯಾಂಡರ್ಡ್ ಡಿಡಕ್ಷನ್ ₹75,000 ಕಳೆದರೆ ₹13,65,000. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ, ಮುಂದಿನ 4 ಲಕ್ಷಕ್ಕೆ 5%ರಂತೆ ₹20,000, ಆಮೇಲಿನ 4 ಲಕ್ಷಕ್ಕೆ 10%ರಂತೆ ₹40,000, ಉಳಿದ ₹1,65,000ಕ್ಕೆ 15%ರಂತೆ ₹24,750. ಕೂಡಿದರೆ ₹84,750, 4% ಸೆಸ್ ಸೇರಿ ₹88,140. ಹನ್ನೆರಡರಿಂದ ಭಾಗಿಸಿ ನೋಡಿ. ಹೊಸ ಪದ್ಧತಿಯಾದ್ದರಿಂದ ಅವರ ಸ್ವಂತ ಪಿಎಫ್ ಪಾಲಿಗಾಗಲಿ, ವೃತ್ತಿ ತೆರಿಗೆಗಾಗಲಿ ಇಲ್ಲಿ ವಿನಾಯಿತಿ ಸಿಗಲಿಲ್ಲ. ಹಳೆಯ ಪದ್ಧತಿ ಆರಿಸಿಕೊಂಡಿದ್ದರೆ ಎರಡೂ ಕಳೆಯುತ್ತಿದ್ದವು. ನೌಕರ ಯಾವುದೆಂದು ತಿಳಿಸದಿದ್ದರೆ ಹೊಸದನ್ನೇ ಹಿಡಿಯಬೇಕು. ನಡುವೆ ಸಂಬಳ ಹೆಚ್ಚಾದರೆ ಹಳೆಯ ತಿಂಗಳುಗಳನ್ನು ಮುಟ್ಟದೆ, ಬಾಕಿ ತೆರಿಗೆಯನ್ನು ಉಳಿದ ತಿಂಗಳುಗಳಿಗೆ ಹಂಚುತ್ತಾರೆ.

ನಿಮಗಿದು ಗೊತ್ತೇ? ಸಂಬಳದ ಟಿಡಿಎಸ್ ಮತ್ತು ಗುತ್ತಿಗೆದಾರರ ಟಿಡಿಎಸ್ ಒಂದೇ ಲೆಡ್ಜರ್‌ನಲ್ಲಿದ್ದರೆ ಚಲನ್ ಕಟ್ಟುವವರೇ ಗೊಂದಲಕ್ಕೆ ಬೀಳುತ್ತಾರೆ. ಖಾಸಗಿ ಸಂಸ್ಥೆಯ ಸಂಬಳಕ್ಕೆ ಚಲನ್‌ನಲ್ಲಿ ಆರಿಸಬೇಕಾದ ಕೋಡ್ `92B`, ಅದು ಸೇರುವುದು 24Qಗೆ. ಗುತ್ತಿಗೆದಾರರದು 26Qಗೆ.

ನಿಮಗಿದು ಗೊತ್ತೇ? ₹18,000 ಸಂಬಳದ ಸಹಾಯಕನ ವೋಚರ್‌ನಲ್ಲಿ ಮ್ಯಾನೇಜರ್ ವೋಚರ್‌ನ ಅರ್ಧ ಸಾಲುಗಳೇ ಇರುವುದಿಲ್ಲ, ಇನ್ನೊಂದು ಹೊಸದಾಗಿ ಬರುತ್ತದೆ. ಅವನಿಗೆ ಟಿಡಿಎಸ್ ಇಲ್ಲ, ₹25,000ದ ಕೆಳಗಿರುವುದರಿಂದ ಕರ್ನಾಟಕದ ವೃತ್ತಿ ತೆರಿಗೆಯೂ ಇಲ್ಲ. ₹21,000ದ ಒಳಗಿರುವುದರಿಂದ ಇಎಸ್‌ಐ ಇದೆ: ಅವನಿಂದ 0.75% ಅಂದರೆ ₹135, ಸಂಸ್ಥೆಯಿಂದ 3.25% ಅಂದರೆ ₹585. ಪಿಎಫ್‌ನಲ್ಲಿ ಐವತ್ತು ಪೈಸೆಯ ಕೆಳಗಿನದನ್ನು ಬಿಟ್ಟುಬಿಡುತ್ತಾರೆ, ಇಎಸ್‌ಐನಲ್ಲಿ ಒಂದು ಪೈಸೆ ಉಳಿದರೂ ಮುಂದಿನ ರೂಪಾಯಿಗೆ ಏರಿಸುತ್ತಾರೆ. ಇಎಸ್‌ಐ ಬಾಕಿ ಲೆಡ್ಜರ್‌ನಲ್ಲಿ ತಿಂಗಳು ತಿಂಗಳು ಹತ್ತಿಪ್ಪತ್ತು ರೂಪಾಯಿ ಉಳಿಯುತ್ತಿದ್ದರೆ ಕಾರಣ ಬಹುತೇಕ ಇದೇ.

ಬಾಕಿ ಲೆಡ್ಜರ್‌ಗಳನ್ನು ಓದುವ ಒಂದು ಸುಲಭ ವಿಧಾನವಿದೆ. ತಿಂಗಳ ಕೊನೆಗೇ ಸಂಬಳ ಕೊಡುವ ಸಂಸ್ಥೆಯಲ್ಲಿ ಜೂನ್ 30ಕ್ಕೆ ಪ್ರತಿ ಬಾಕಿಯಲ್ಲೂ ಜೂನ್ ಒಂದೇ ತಿಂಗಳ ಮೊತ್ತ ನಿಂತಿರಬೇಕು. ಜುಲೈ 20ರ ಹೊತ್ತಿಗೆ, ವೃತ್ತಿ ತೆರಿಗೆಯ ಗಡುವೂ ಮುಗಿದ ಮೇಲೆ, ಎಲ್ಲವೂ ಸೊನ್ನೆ. ಕ್ರೆಡಿಟ್ ಉಳಿದಿದ್ದರೆ ಮುರಿದು ಕಟ್ಟಿಲ್ಲ. ಡೆಬಿಟ್ ಬಂದಿದ್ದರೆ ಕಟ್ಟಿದ್ದೀರಿ, ಆದರೆ ಮುರಿದದ್ದನ್ನು ಬರೆದಿಲ್ಲ, ಅಥವಾ ಬಡ್ಡಿಯನ್ನೂ ಅದರಲ್ಲೇ ಬರೆದಿದ್ದೀರಿ. ವರ್ಷದ ಕೊನೆಯಲ್ಲಿ ಲಾಭ-ನಷ್ಟ ಪಟ್ಟಿಯ ಸಂಬಳವನ್ನು 24Qನ ಸಂಬಳದ ಅನುಬಂಧ ಮತ್ತು ಇಸಿಆರ್‌ಗಳ ಒಟ್ಟು ಸಂಬಳದ ಜೊತೆ ಇಟ್ಟು ನೋಡಿ. ಮೂರೂ ಸಮ ಇರಲೇಬೇಕೆಂದಿಲ್ಲ, ಏಕೆಂದರೆ ಪಿಎಫ್ ಇಲ್ಲದವರು, ತೆರಿಗೆ ವ್ಯಾಪ್ತಿಗೆ ಬಾರದವರು ಇರುತ್ತಾರೆ. ಆದರೆ ವ್ಯತ್ಯಾಸಕ್ಕೆ ಹೆಸರು ಹಿಡಿದು ಉತ್ತರ ಹೇಳಲು ಬರಬೇಕು. ನಿವ್ವಳ ಸಂಬಳ ಬರೆದ ಪುಸ್ತಕ ಸಿಕ್ಕಿಬೀಳುವುದೂ ಇಲ್ಲೇ.

ಇನ್ನೊಂದು ಮಾತು. ಪಿಎಫ್ ಮುರಿದು ಕಟ್ಟದೆ ಇಟ್ಟುಕೊಂಡರೆ ಅದು ಬರೀ ಬಡ್ಡಿಯ ವಿಷಯವಲ್ಲ. ಅಂಥ ಹಣ ಮಾಲೀಕರಿಗೆ ನಂಬಿ ಒಪ್ಪಿಸಿದ್ದು ಎಂದೇ ದಂಡ ಸಂಹಿತೆ ಪರಿಗಣಿಸುತ್ತಿತ್ತು, ಈಗಿನ ನ್ಯಾಯ ಸಂಹಿತೆಯೂ ಹಾಗೇ ಪರಿಗಣಿಸುತ್ತದೆ. ಕಟ್ಟದಿದ್ದರೆ ನಂಬಿಕೆ ದ್ರೋಹದ ಅಪರಾಧ. ಮಾಲೀಕರು ತಮ್ಮ ಪಾಲನ್ನು ಕಟ್ಟದಿರುವುದಕ್ಕೆ ಈ ವಿವರಣೆ ಅನ್ವಯಿಸುವುದಿಲ್ಲ, ನೌಕರನಿಂದ ಮುರಿದದ್ದಕ್ಕೆ ಅನ್ವಯಿಸುತ್ತದೆ. ಎರಡು ಲೆಡ್ಜರ್ ಇಡಲು ಇದು ಇನ್ನೊಂದು ಕಾರಣ.

ಕೊನೆಯದು ಕರ್ನಾಟಕದವರಿಗೆ. ಸಂವಿಧಾನದ 276ನೇ ವಿಧಿ ವೃತ್ತಿ ತೆರಿಗೆಗೆ ವರ್ಷಕ್ಕೆ ₹2,500ರ ಮಿತಿ ಹಾಕಿದೆ. ತಿಂಗಳಿಗೆ ₹200ರಂತೆ ನಮ್ಮಲ್ಲಿ ವಸೂಲಾಗುತ್ತಿದ್ದದ್ದು ₹2,400. ಉಳಿದ ₹100ನ್ನೂ ಬಿಡದಿರಲು 2025ರ ಏಪ್ರಿಲ್‌ನಿಂದ ನಿಯಮ ಬದಲಾಯಿತು: ಹನ್ನೊಂದು ತಿಂಗಳು ₹200, ಫೆಬ್ರವರಿಯಲ್ಲಿ ₹300. ಸಾಫ್ಟ್‌ವೇರ್‌ನಲ್ಲಿ ₹200 ಎಂದು ಖಾಯಂ ಮಾಡಿಟ್ಟವರಿಗೆ ಆ ತಿಂಗಳು ಪ್ರತಿ ತಲೆಗೆ ₹100 ಕಡಿಮೆ ಬೀಳುತ್ತದೆ. ನಮ್ಮ ಮ್ಯಾನೇಜರ್ ಅವರ ಅಡ್ವಾನ್ಸ್ ಅಷ್ಟರಲ್ಲಿ ತೀರದಿದ್ದರೆ 2026ರ ಫೆಬ್ರವರಿಯ ನಿವ್ವಳ ಸಂಬಳ ₹1,00,155.